ಎಮ್ಮೆ ಹಾಲಿಗೆ ಬದಲಾದ ಮೇಲೆ ಕಾಫಿ ಸಪ್ಪೆಯಾಯ್ತಾ? ತಪ್ಪು ಡಿಕಾಕ್ಷನ್‌ದೋ ಹಾಲಿನದೋ ಕಂಡುಹಿಡಿಯುವ ಬಗೆ

ನನ್ನ ತಂಗಿಯ ಗಂಡನಿಗೆ ಮೈಸೂರಿಂದ ಹುಬ್ಬಳ್ಳಿಗೆ ವರ್ಗವಾಯ್ತು. ಸಾಮಾನೆಲ್ಲ ಜೋಡಿಸಿ ಮುಗಿಯುವ ಮೊದಲೇ ಅವಳ ಫೋನ್ ಬಂತು. "ಅಕ್ಕಾ, ಇಲ್ಲಿನ ನೀರೇ ಸರಿ ಇಲ್ಲ ಕಣೇ. ಅದೇ ಪುಡಿ, ಅದೇ ಫಿಲ್ಟರ್. ಆದ್ರೂ ಬರೀ ಹಾಲು ಕುಡಿದ ಹಾಗಿರುತ್ತೆ."

ನೀರಿನ ಮೇಲೆ ಅನುಮಾನ ಬರೋದು ಸಹಜ. ಅದನ್ನು ಪರೀಕ್ಷೆ ಮಾಡೋದೂ ಸುಲಭ. ಒಂದು ದಿನ ಕ್ಯಾನ್ ನೀರಲ್ಲಿ ಡಿಕಾಕ್ಷನ್ ಹಾಕು ಅಂದೆ. ಹಾಕಿದಳು, ಏನೂ ಬದಲಾಗಲಿಲ್ಲ. ಅಲ್ಲಿಗೆ ನೀರಿನ ಮಾತು ಮುಗೀತು. ಆಮೇಲೆ ಕೇಳಿದೆ, ಹಾಲು ಯಾವುದು ಅಂತ. ಮೈಸೂರಲ್ಲಿ ಪ್ಯಾಕೆಟ್ಟಿನ ಹಸುವಿನ ಹಾಲು. ಇಲ್ಲಿ ಬೆಳಿಗ್ಗೆ ಮನೆ ಬಾಗಿಲಿಗೇ ಎಮ್ಮೆ ಹಾಲು ತಂದು ಅಳೆದು ಕೊಡುತ್ತಾರೆ. "ಹಾಲು ಎಷ್ಟು ಗಟ್ಟಿ ಗೊತ್ತಾ, ಬೆರಳು ದಪ್ಪ ಕೆನೆ ಕಟ್ಟುತ್ತೆ" ಅಂತ ಹೆಮ್ಮೆಯಿಂದಲೇ ಹೇಳಿದಳು. ಸಮಸ್ಯೆ ಇದ್ದದ್ದು ಅಲ್ಲೇ. ಆದರೆ ಅಷ್ಟರಲ್ಲಿ ಅವಳು ಎರಡು ವಾರ ಬೇರೆ ಬೇರೆ ಕಡೆ ಕೈಯಾಡಿಸಿ, ಒಂದು ತಪ್ಪಿದ್ದ ಕಡೆ ಮೂರು ತಪ್ಪು ಮಾಡಿಕೊಂಡಿದ್ದಳು. ಬಹಳ ಜನ ಹೀಗೇ ಸಿಕ್ಕಿಹಾಕಿಕೊಳ್ಳುತ್ತಾರೆ. ಅದಕ್ಕೇ ಅವಳ ಕೇಸನ್ನೇ ಹಿಡಿದು ಹೇಳುತ್ತೇನೆ.

ಮೊದಲು ಹಾಲನ್ನು ಪಕ್ಕಕ್ಕಿಡಿ

ಲೋಟದೊಳಗೆ ಡಿಕಾಕ್ಷನ್, ಹಾಲು, ಸಕ್ಕರೆ ಮೂರೂ ಸೇರಿದ ಮೇಲೆ ತಪ್ಪು ಯಾರದ್ದು ಅಂತ ನಾಲಿಗೆಗೆ ಗೊತ್ತಾಗಲ್ಲ. ಆದ್ದರಿಂದ ಮೊದಲ ಪರೀಕ್ಷೆಯಲ್ಲಿ ಹಾಲೂ ಬೇಡ, ಸಕ್ಕರೆಯೂ ಬೇಡ. ಒಂದು ಪಾಲು ಡಿಕಾಕ್ಷನ್‌ಗೆ ಮೂರು ಪಾಲು ಬಿಸಿನೀರು ಹಾಕಿ ಒಂದು ಗುಟುಕು ಕುಡಿಯಿರಿ. ಅಳೆಯೋಕೆ ಕೆಮ್ಮಿನ ಸಿರಪ್ ಜೊತೆ ಬರುವ ಗೆರೆ ಹಾಕಿದ ಪುಟ್ಟ ಕಪ್ ಸಾಕು. ನಾನು 20 ಮಿಲಿ ಡಿಕಾಕ್ಷನ್‌ಗೆ 60 ಮಿಲಿ ನೀರು ಹಾಕುತ್ತೇನೆ.

ಈ ಗುಟುಕಲ್ಲಿ ಘಮ ಇದ್ದು, ಕಹಿ ಹಿತವಾಗಿದ್ದು, ನುಂಗಿದ ಮೇಲೂ ರುಚಿ ಸ್ವಲ್ಪ ಹೊತ್ತು ಬಾಯಲ್ಲಿ ನಿಂತರೆ ಡಿಕಾಕ್ಷನ್ ಸರಿ ಇದೆ. ಹಾಲಿನ ಕಡೆ ನೋಡಿ. ಬಣ್ಣದ ನೀರು ಕುಡಿದ ಹಾಗಿದ್ದರೆ ಡಿಕಾಕ್ಷನ್ನೇ ತೆಳು. ಕಹಿ ಮಾತ್ರ ಇದ್ದು ಘಮವೇ ಇಲ್ಲದಿದ್ದರೆ ಅದು ಕುದಿಸಿದ್ದೋ, ಹಳೆಯದೋ ಆಗಿರುತ್ತದೆ.

ಬಣ್ಣ ನೋಡಿ ಮಾತ್ರ ತೀರ್ಮಾನ ಮಾಡಬೇಡಿ. ಫಿಲ್ಟರ್ ಕಾಫಿಯಲ್ಲಿ ಬಣ್ಣ ಎರಡು ಕಡೆಯಿಂದ ಮೋಸ ಮಾಡುತ್ತದೆ. ಚಿಕೋರಿ ಜಾಸ್ತಿ ಇದ್ದರೆ ತೆಳು ಡಿಕಾಕ್ಷನ್ನೂ ಕಪ್ಪಗೆ ಕಾಣುತ್ತದೆ. ಎಮ್ಮೆ ಹಾಲು ಹಾಕಿದರೆ ಗಟ್ಟಿ ಡಿಕಾಕ್ಷನ್ನೂ ಬೆಳ್ಳಗೆ ಕಾಣುತ್ತದೆ.

ತಂಗಿ ಮಾಡಿಕೊಂಡ ಮೊದಲ ತಪ್ಪು: ಪುಡಿ ಜಾಸ್ತಿ

ಕಾಫಿ ಬೆಳ್ಳಗೆ ಕಂಡಿತು, ಪುಡಿ ಜಾಸ್ತಿ ಹಾಕಿದಳು. ಯಾರಾದರೂ ಮಾಡೋದು ಇದನ್ನೇ. ಆದರೆ ಫಿಲ್ಟರ್ ಅದೇ ಚಿಕ್ಕದು. ಇಲ್ಲಿ ಲೆಕ್ಕ ಸ್ವಲ್ಪ ನೋಡಬೇಕು.

ಮೈಸೂರಲ್ಲಿ ಅವಳದು 30 ಗ್ರಾಂ ಪುಡಿ, 150 ಮಿಲಿ ನೀರು. ಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ 60 ಮಿಲಿ ಚರಟದಲ್ಲೇ ಉಳಿದು, ಕೆಳಗೆ 90 ಮಿಲಿ ಇಳಿಯುತ್ತಿತ್ತು. ಇಬ್ಬರಿಗೆ ಸಾಕಾಗುವಷ್ಟು ಒಳ್ಳೆ ಡಿಕಾಕ್ಷನ್.

ಹುಬ್ಬಳ್ಳಿಯಲ್ಲಿ 45 ಗ್ರಾಂ ಹಾಕಿದಳು. ಮೇಲಿನ ಪಾತ್ರೆಯಲ್ಲಿ ಪುಡಿಯೇ ಅರ್ಧಕ್ಕಿಂತ ಮೇಲೆ ಬಂತು. ನೀರಿಗೆ ಉಳಿದ ಜಾಗ ಸುಮಾರು 80 ಮಿಲಿ. ಮೊದಲ ಸಲ ಹಾಕಿದ ನೀರನ್ನು ಪುಡಿಯೇ ಕುಡಿದುಬಿಟ್ಟಿತು, ಕೆಳಗೆ ಹನಿಯೂ ಇಲ್ಲ. ಮತ್ತೆ ತುಂಬಿದಳು, 70 ಮಿಲಿ ಇಳೀತು. "ಇಷ್ಟು ಪುಡಿಗೆ ಇಷ್ಟೇನಾ" ಅನ್ನಿಸಿ ಮೂರನೇ ಸಲವೂ ತುಂಬಿದಳು. ಒಟ್ಟು 240 ಮಿಲಿ ನೀರು ಹೋಗಿ 150 ಮಿಲಿ ಡಿಕಾಕ್ಷನ್ ಬಂತು. ಪುಡಿ ಒಂದೂವರೆ ಪಟ್ಟು ಆಗಿತ್ತು, ಡಿಕಾಕ್ಷನ್ನೂ ಒಂದೂವರೆ ಪಟ್ಟಿಗಿಂತ ಜಾಸ್ತಿಯೇ ಆಯ್ತು. ಗಟ್ಟಿ ಆಗಿದ್ದು ಏನೂ ಇಲ್ಲ. ಕೊನೆಗೆ ಹಾಕಿದ ನೀರು ಚರಟದಿಂದ ಎಳೆದದ್ದು ಹೆಚ್ಚಾಗಿ ಕಹಿಯನ್ನೇ. ಸಪ್ಪೆ ಕಾಫಿಗೆ ಕಹಿಯೂ ಸೇರಿತು, ಅಷ್ಟೇ.

ಡಿಕಾಕ್ಷನ್ ಗಟ್ಟಿ ಆಗಬೇಕಾದರೆ ಪುಡಿ ಹೆಚ್ಚಿಸಿದಾಗ ನೀರನ್ನು ಹೆಚ್ಚಿಸಬಾರದು. 30 ಗ್ರಾಂ ಪುಡಿಗೆ 150ರ ಬದಲು 130 ಮಿಲಿ ನೀರು ಹಾಕಿದರೆ ಸಾಕು, ಕೆಳಗೆ ಸುಮಾರು 70 ಮಿಲಿ ಬರುತ್ತದೆ, ಅದೇ ಬೇರೆ ಥರ ಇರುತ್ತದೆ. ಮೇಲಿನ ಪಾತ್ರೆಯ ಮೂರನೇ ಒಂದು ಭಾಗದಷ್ಟು ಪುಡಿ ಇದ್ದರೆ ಚೆನ್ನ, ಅರ್ಧ ದಾಟಬಾರದು. ಜನ ಜಾಸ್ತಿ ಇದ್ದರೆ ದೊಡ್ಡ ಫಿಲ್ಟರ್ ಬೇಕು, ಬೇರೆ ದಾರಿ ಇಲ್ಲ. ಎರಡನೇ ಡಿಕಾಕ್ಷನ್ನನ್ನು ಮೊದಲನೆಯದಕ್ಕೆ ಬೆರೆಸುವ ಅಭ್ಯಾಸ ನನಗಂತೂ ಇಷ್ಟವಿಲ್ಲ. ತೆಳು ಹಾಲಿಗೆ ಹೇಗೋ ನಡೆಯುತ್ತದೆ, ಎಮ್ಮೆ ಹಾಲಿನ ಎದುರು ನಿಲ್ಲಲ್ಲ.

ಇಳಿಯುವ ವೇಗವನ್ನೂ ಗಮನಿಸಿ. ಕುದಿ ಬಂದ ನೀರನ್ನು ಒಲೆಯಿಂದಿಳಿಸಿ, ಅರ್ಧ ನಿಮಿಷ ಬಿಟ್ಟು, ಮೊದಲು ಪುಡಿ ನೆನೆಯುವಷ್ಟು ಮಾತ್ರ ಹಾಕಿ, ಆಮೇಲೆ ಉಳಿದದ್ದನ್ನು ತೂತಿನ ಬಿಲ್ಲೆಯ ಮೇಲೆ ನಿಧಾನವಾಗಿ ಸುರಿದರೆ ಹನಿ ಹನಿಯಾಗಿ 15ರಿಂದ 25 ನಿಮಿಷದಲ್ಲಿ ಇಳಿಯಬೇಕು. ನಾಲ್ಕೈದು ನಿಮಿಷಕ್ಕೇ ಇಳಿದುಹೋದರೆ ಪುಡಿ ತರಿ ಜಾಸ್ತಿ, ಇಲ್ಲವೇ ಬಿಲ್ಲೆ ಒತ್ತಿಲ್ಲ. ಸುಮ್ನೆ ಊಹೆ ಬೇಡ, ಚರಟವನ್ನು ಇಡಿಯಾಗಿ ತಟ್ಟೆಗೆ ತಟ್ಟಿ ಮಧ್ಯಕ್ಕೆ ಮುರಿದು ನೋಡಿ. ಒಂದು ಬದಿಯಲ್ಲಿ ಹಳ್ಳ ಬಿದ್ದಿದ್ದರೆ ನೀರು ಅಲ್ಲೇ ದಾರಿ ಮಾಡಿಕೊಂಡು ಓಡಿದೆ. ಒಳಗೆ ತಿಳಿ ಕಂದು ಬಣ್ಣದ ಒಣ ಪುಡಿಯ ಗೂಡು ಸಿಕ್ಕರೆ ಅಷ್ಟು ಪುಡಿ ನೆನೆದೇ ಇಲ್ಲ. ತಂಗಿಯ 45 ಗ್ರಾಂ ಚರಟದಲ್ಲಿ ಅಂಥ ಒಣ ಗೂಡು ನಿಂಬೆಹಣ್ಣಿನಷ್ಟು ಇತ್ತು! ಜಾಸ್ತಿ ಹಾಕಿದ ಪುಡಿ ಬಹಳಷ್ಟು ಹೋದದ್ದು ಅಲ್ಲಿಗೇ.

ಇಳಿಯದೇ ನಿಂತುಬಿಟ್ಟರೆ, ಬೈದುಕೊಂಡು ತಟ್ಟುವ ಮೊದಲು ಮೇಲಿನ ಪಾತ್ರೆಯನ್ನು ಸ್ವಲ್ಪ ಮೇಲಕ್ಕೆತ್ತಿ ಮತ್ತೆ ಕೂರಿಸಿ. ಕೆಲವು ಫಿಲ್ಟರ್‌ಗಳಲ್ಲಿ ಎರಡು ಪಾತ್ರೆ ಬಿಗಿಯಾಗಿ ಕೂತು ಕೆಳಗಿನ ಗಾಳಿಗೆ ಹೊರಬರಲು ಜಾಗ ಇರಲ್ಲ. ಎತ್ತಿದ ಕೂಡಲೇ ಹನಿ ಶುರುವಾದರೆ ಅದೇ ಕಾರಣ. ಹಾಗೂ ಇಳಿಯದಿದ್ದರೆ ತೂತು ಕಟ್ಟಿದೆ. ಖಾಲಿ ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಸ್ಟೀಲ್ ಅಥವಾ ಹಿತ್ತಾಳೆಯದಾದರೆ ತಳವನ್ನು ಗ್ಯಾಸ್ ಉರಿಯ ಮೇಲೆ ಸ್ವಲ್ಪ ಹೊತ್ತು ಹಿಡಿದು, ಆರಿದ ಮೇಲೆ ತಟ್ಟಿ ತೊಳೆದರೆ ಕಟ್ಟಿದ ಪುಡಿ ಸುಟ್ಟು ಉದುರುತ್ತದೆ.

ಎರಡನೇ ತಪ್ಪು: ಚಿಕೋರಿ

ಪುಡಿ ಜಾಸ್ತಿ ಮಾಡಿ ಪ್ರಯೋಜನ ಆಗದಾಗ ಪುಡಿಯನ್ನೇ ಬದಲಾಯಿಸಿದಳು. ಮೈಸೂರಿನದು 85:15, ಅಂದರೆ 85 ಭಾಗ ಕಾಫಿ, 15 ಭಾಗ ಚಿಕೋರಿ. ಹೊಸದು 60:40. ಲೋಟದಲ್ಲಿ ಬಣ್ಣ ಬಂತು. ಎರಡು ದಿನ ಖುಷಿ. ಮೂರನೇ ದಿನ ಫೋನ್: "ಕಾಫಿ ಥರಾನೇ ಇಲ್ಲ ಕಣೇ, ಸುಟ್ಟ ಬೆಲ್ಲದ ನೀರು ಕುಡಿದ ಹಾಗಿದೆ."

ಇರಲೇಬೇಕು. ಚಿಕೋರಿ ಒಂದು ಗಿಡದ ಬೇರು, ಹುರಿದು ಪುಡಿ ಮಾಡಿದ್ದು. ಅದರಲ್ಲಿ ಕೆಫೀನ್ ಇಲ್ಲ. ಕಾಫಿಗಿಂತ ಅದು ನೀರಲ್ಲಿ ಬಹಳ ಬೇಗ, ಬಹಳ ಹೆಚ್ಚು ಕರಗುತ್ತದೆ. ಹಾಗಾಗಿ ಡಿಕಾಕ್ಷನ್‌ಗೆ ಬಣ್ಣ ಬರುತ್ತದೆ, ನಾಲಿಗೆಗೆ ದಪ್ಪ ಅನ್ನಿಸುತ್ತದೆ. ಕಾಫಿಯ ಘಮ ಮಾತ್ರ ಕಾಫಿ ಕಡಿಮೆಯಾದಷ್ಟೂ ಕಡಿಮೆ. ಸ್ವಲ್ಪ ಚಿಕೋರಿ ನನಗೂ ಬೇಕು, ಶುದ್ಧ ಕಾಫಿಪುಡಿಯ ಡಿಕಾಕ್ಷನ್ ಹಾಲಿಗೆ ಬಿದ್ದಾಗ ಏನೋ ಬಡಕಲು ಅನ್ನಿಸುತ್ತದೆ. ಆದರೆ ಎಮ್ಮೆ ಹಾಲೇ ದಪ್ಪ ಇರುವಾಗ ಚಿಕೋರಿಯ ದಪ್ಪ ಯಾಕೆ ಬೇಕು? ಅಲ್ಲಿ ಕೊರತೆ ಇರುವುದು ಘಮಕ್ಕೆ. ಎಮ್ಮೆ ಹಾಲಿಗೆ ಹೋದವರು ಚಿಕೋರಿ ಹೆಚ್ಚಿಸುವುದಲ್ಲ, ಇದ್ದಷ್ಟೇ ಇಡಬೇಕು ಅಥವಾ ಇಳಿಸಬೇಕು.

ಪ್ಯಾಕೆಟ್ಟಿನ ಪುಡಿಯಾದರೆ ಚಿಕೋರಿ ಎಷ್ಟಿದೆ ಅಂತ ಮೇಲೆ ಬರೆದಿರಲೇಬೇಕು. ಕಾಫಿ 51 ಭಾಗಕ್ಕಿಂತ ಕಡಿಮೆ ಇರುವಂತಿಲ್ಲ ಅನ್ನೋದೂ ನಿಯಮ. ಬಿಡಿ ಪುಡಿಯ ಮೇಲೆ ಅನುಮಾನ ಇದ್ದರೆ ಗಾಜಿನ ಲೋಟದ ತಣ್ಣೀರಿನ ಮೇಲೆ ಒಂದು ಚಿಟಿಕೆ ಉದುರಿಸಿ. ಕಾಫಿ ಸ್ವಲ್ಪ ಹೊತ್ತು ತೇಲುತ್ತದೆ. ಚಿಕೋರಿ ಕೂಡಲೇ ಮುಳುಗುತ್ತಾ ಹಿಂದೆ ಕಂದು ಗೆರೆ ಎಳೆಯುತ್ತದೆ.

ಎಮ್ಮೆ ಹಾಲು ಲೋಟದಲ್ಲಿ ಏನು ಮಾಡುತ್ತದೆ

ತಂಗಿಯನ್ನು ಮತ್ತೆ 85:15ಕ್ಕೆ, 30 ಗ್ರಾಂ ಪುಡಿ ಮತ್ತು 150 ಮಿಲಿ ನೀರಿಗೆ ವಾಪಸ್ ಕರೆತಂದೆ. ಬಿಸಿನೀರಿನ ಪರೀಕ್ಷೆಯಲ್ಲಿ ಡಿಕಾಕ್ಷನ್ ಪಾಸಾಯ್ತು. ಮೈಸೂರಿನ ರುಚಿಯೇ ಇದೆ ಅಂದಳು. ಅಂದರೆ ಉಳಿದದ್ದು ಹಾಲು.

ಹಸುವಿನ ಹಾಲಲ್ಲಿ ಜಿಡ್ಡು ನೂರಕ್ಕೆ ಸುಮಾರು 4 ಭಾಗ, ಎಮ್ಮೆ ಹಾಲಲ್ಲಿ ಸುಮಾರು 7. ಅವಳ ಲೋಟದ ಅಳತೆ 40 ಮಿಲಿ ಡಿಕಾಕ್ಷನ್, 110 ಮಿಲಿ ಹಾಲು. ಮೈಸೂರಲ್ಲಿ ಆ ಲೋಟಕ್ಕೆ ನಾಲ್ಕೂವರೆ ಗ್ರಾಂ ಹತ್ತಿರ ಜಿಡ್ಡು ಬೀಳುತ್ತಿತ್ತು. ಈಗ ಏಳೂವರೆಗೂ ಜಾಸ್ತಿ. ಕಾಫಿಯ ಘಮದ ಬಹಳಷ್ಟು ಅಂಶ ಜಿಡ್ಡಿನಲ್ಲಿ ಕರಗುವಂಥದ್ದು. ಜಿಡ್ಡು ಹೆಚ್ಚಿದ್ದರೆ ಘಮ ಅದರೊಳಗೇ ಉಳಿಯುತ್ತದೆ, ಲೋಟದಿಂದ ಮೇಲೆದ್ದು ಮೂಗಿಗೆ ಬರೋದು ಕಡಿಮೆ. ಜೊತೆಗೆ ಎಮ್ಮೆ ಹಾಲಲ್ಲಿ ಪ್ರೋಟೀನೂ ಜಾಸ್ತಿ. ಕಾಫಿಯ ಒಗರು ಮಾಡುವ ಅಂಶಗಳಿಗೆ ಹಾಲಿನ ಪ್ರೋಟೀನ್ ಅಂಟಿಕೊಳ್ಳುವುದರಿಂದ ಕಾಫಿಯ ಚುರುಕು ಇನ್ನಷ್ಟು ಮೊಂಡಾಗುತ್ತದೆ.

ಇನ್ನು ಬಣ್ಣ. ಹಸುವಿನ ಹಾಲಿನ ತಿಳಿ ಹಳದಿಗೆ ಕಾರಣ ಹುಲ್ಲಿನಿಂದ ಬರುವ ಕ್ಯಾರೋಟಿನ್. ಎಮ್ಮೆ ಹಾಲಿನ ಜಿಡ್ಡಿನಲ್ಲಿ ಅದು ಹೆಚ್ಚುಕಡಿಮೆ ಇರುವುದಿಲ್ಲ, ಹಾಲು ಸುಣ್ಣದ ಬಿಳುಪು. ಅದೇ ಡಿಕಾಕ್ಷನ್ ಹಸುವಿನ ಹಾಲಲ್ಲಿ ಹೊಂಬಣ್ಣಕ್ಕೆ ತಿರುಗಿದರೆ, ಎಮ್ಮೆ ಹಾಲಲ್ಲಿ ಪೇಲವ ಕಂದು. ಹಸುವಿನ ಹಾಲಿನ ಬಣ್ಣ ಕಣ್ಣಲ್ಲಿಟ್ಟುಕೊಂಡು ಎಮ್ಮೆ ಹಾಲಿಗೆ ಡಿಕಾಕ್ಷನ್ ಸುರಿಯುತ್ತಾ ಹೋದರೆ ಕೊನೆಗೆ ಕಹಿಗೆ ಹೋಗಿ ನಿಲ್ಲುತ್ತೀರಿ.

ಹಾಗಾದರೆ ಸಪ್ಪೆ ಅನ್ನೋದರಲ್ಲೇ ಎರಡು ಬಗೆ ಇದೆ. ಕಾಫಿ ನಾಲಿಗೆ ಮೇಲೆ ನೀರಿನ ಹಾಗೆ ಜಾರಿಹೋದರೆ ಅದು ಡಿಕಾಕ್ಷನ್ ತೆಳುವಾದ ಸಪ್ಪೆ. ನಾಲಿಗೆಗೆ, ತುಟಿಗೆ ಮೆತ್ತಗೆ ಜಿಡ್ಡು ಸವರಿದ ಹಾಗಿದ್ದು, ಘಮ ಮಾತ್ರ ಇಲ್ಲದಿದ್ದರೆ ಅದು ಹಾಲು ಮೇಲುಗೈ ಮಾಡಿದ ಸಪ್ಪೆ. ಮೊದಲನೆಯದಕ್ಕೆ ಫಿಲ್ಟರ್ ಹತ್ತಿರ ಹೋಗಿ, ಎರಡನೆಯದಕ್ಕೆ ಹಾಲಿನ ಪಾತ್ರೆ ಹತ್ತಿರ.

ಮೂರು ಲೋಟದ ಪರೀಕ್ಷೆ

ನಾನು ಹುಬ್ಬಳ್ಳಿಗೆ ಹೋದಾಗ ಅವಳ ಅಡುಗೆಮನೆಯಲ್ಲೇ ಇದನ್ನು ಮಾಡಿದೆವು. ಮೂರಕ್ಕೂ 30 ಮಿಲಿ ಡಿಕಾಕ್ಷನ್, 90 ಮಿಲಿ ಬಿಸಿ ಹಾಲು. ಸಕ್ಕರೆ ಇಲ್ಲ. ಸಕ್ಕರೆ ಹಾಕಿದ ತಕ್ಷಣ ತಪ್ಪೆಲ್ಲ ಮುಚ್ಚಿಹೋಗುತ್ತದೆ.

ಮೊದಲನೆಯದರಲ್ಲಿ ಹಾಲಿನವರು ತಂದ ಎಮ್ಮೆ ಹಾಲು, ಕಾಯಿಸಿ ಕೆನೆ ಸಮೇತ ಕಲಕಿದ್ದು. ಜಿಡ್ಡು ಸವರಿದ ಸಪ್ಪೆ, ಅವಳು ದಿನಾ ಕುಡಿಯುತ್ತಿದ್ದದ್ದೇ. ಎರಡನೆಯದರಲ್ಲಿ ಅದೇ ಹಾಲು ಎರಡು ಪಾಲಿಗೆ ಒಂದು ಪಾಲು ನೀರು. ಲೆಕ್ಕದಲ್ಲಿ ಜಿಡ್ಡು 7ರಿಂದ ನಾಲ್ಕೂವರೆ ಆಸುಪಾಸಿಗೆ ಇಳಿಯುತ್ತದೆ, ಹಸುವಿನ ಹಾಲಿಗೆ ಹತ್ತಿರ. ಘಮ ಬಂತು, ನಿಜ. ಆದರೆ ಹಾಲಿನ ಸಿಹಿಯೂ ಮೂರನೇ ಒಂದು ಭಾಗ ಹೋಯ್ತು, ಕುಡಿದರೆ ಟೊಳ್ಳು ಟೊಳ್ಳು. ನೀರು ಜಿಡ್ಡನ್ನು ಮಾತ್ರ ತೆಳು ಮಾಡಲ್ಲ, ಹಾಲಿನ ಸಕ್ಕರೆ, ಪ್ರೋಟೀನ್ ಎಲ್ಲವನ್ನೂ ತೆಳು ಮಾಡುತ್ತದೆ. ನೀರು ಹಾಕಲೇಬೇಕು ಅಂದರೆ ನಾಲ್ಕು ಪಾಲು ಹಾಲಿಗೆ ಒಂದು ಪಾಲು, ಅದಕ್ಕಿಂತ ಜಾಸ್ತಿ ಬೇಡ.

ಮೂರನೆಯದು ಹಿಂದಿನ ದಿನ ಕಾಯಿಸಿ, ರಾತ್ರಿ ಫ್ರಿಜ್ಜಲ್ಲಿಟ್ಟು, ಬೆಳಿಗ್ಗೆ ಮೇಲಿನ ಕೆನೆಯನ್ನು ಇಡಿಯಾಗಿ ತೆಗೆದ ಹಾಲು. ಅಜ್ಜಿ ಕಾಲದಿಂದ ಬೆಣ್ಣೆಗೆ ಅಂತ ಮಾಡುತ್ತಿದ್ದ ಕೆಲಸ. ಎಮ್ಮೆ ಹಾಲಿನ ಜಿಡ್ಡಿನ ಹನಿಗಳು ದೊಡ್ಡವು, ಬೇಗ ಮೇಲೆ ಬಂದು ಕಟ್ಟುತ್ತವೆ. ಕೆನೆ ತೆಗೆದರೆ ಜಿಡ್ಡು ಮಾತ್ರ ಇಳಿಯುತ್ತದೆ, ಸಿಹಿ ಹಾಗೇ ಉಳಿಯುತ್ತದೆ. ಈ ಲೋಟ ಗೆದ್ದಿತು. ತಂಗಿಯ ಗಂಡ ಕೇಳದೆಯೇ ಅದನ್ನೇ ಎತ್ತಿಕೊಂಡು ಪೇಪರ್ ಓದಲು ಹೋದರು.

ಆದರೂ ಪ್ರೋಟೀನ್ ಹೋಗಿಲ್ಲ, ಬಿಳುಪೂ ಹೋಗಿಲ್ಲ. ಹಾಗಾಗಿ ಡಿಕಾಕ್ಷನ್ ಪಾಲನ್ನು ಸ್ವಲ್ಪ ಏರಿಸಬೇಕು. 40ಕ್ಕೆ 110 ಇದ್ದದ್ದನ್ನು 50ಕ್ಕೆ 100 ಮಾಡಿದೆವು. ಒಂದಕ್ಕೆ ಎರಡು. ಇದು ಗಟ್ಟಿ ಡಿಕಾಕ್ಷನ್ ಇದ್ದಾಗ ಮಾತ್ರ. ತೆಳು ಡಿಕಾಕ್ಷನ್ ಜಾಸ್ತಿ ಹಾಕಿದರೆ ಲೋಟಕ್ಕೆ ಸೇರುವುದು ಕಾಫಿ ಅಲ್ಲ, ನೀರು. ಪ್ಯಾಕೆಟ್ ಹಾಲು ಬಳಸುವವರು ಮೇಲಿನ ಅಕ್ಷರ ಓದಿ. ಟೋನ್ಡ್ ಹಾಲಲ್ಲಿ ಜಿಡ್ಡು 3, ಫುಲ್ ಕ್ರೀಮ್‌ನಲ್ಲಿ 6. ಫುಲ್ ಕ್ರೀಮ್‌ಗೆ ಎಮ್ಮೆ ಹಾಲಿನ ಅಳತೆಯೇ ಸರಿ. ಟೋನ್ಡ್ ಆದರೆ ಒಂದಕ್ಕೆ ಮೂರಕ್ಕಿಂತ ಸ್ವಲ್ಪ ಜಾಸ್ತಿ ಹಾಲು ಹಾಕಿದರೂ ಕಾಫಿ ತಾಳುತ್ತದೆ.

ಬೆಳಿಗ್ಗೆ ಚೆನ್ನ, ಸಂಜೆ ಕೆಟ್ಟದು

ಇಷ್ಟಾದ ಮೇಲೂ ಒಂದು ದೂರು ಉಳಿದಿತ್ತು. ಸಂಜೆ ಕಾಫಿ ಸರಿ ಬರುತ್ತಿರಲಿಲ್ಲ. ಅವಳು ಮಾಡುವುದನ್ನು ಸುಮ್ಮನೆ ನಿಂತು ನೋಡಿದೆ. ಬೆಳಗಿನ ಡಿಕಾಕ್ಷನ್ ಫ್ರಿಜ್ಜಿಂದ ಬಂತು. ಬೆಳಿಗ್ಗೆಯಿಂದ ಮೂರು ಸಲ ಕುದಿದ ಹಾಲು ನಾಲ್ಕನೇ ಸಲ ಒಲೆಗೆ ಏರಿತು. ಎರಡನ್ನೂ ಬೆರೆಸಿ ಕುಡಿದರೆ ಉಗುರುಬೆಚ್ಚಗಿಂತ ಸ್ವಲ್ಪ ಮೇಲೆ. ಆಗ ಬೆರೆಸಿದ ಕಾಫಿಯನ್ನೇ ಪಾತ್ರೆಗೆ ಸುರಿದು ಕುದಿಸಿದಳು.

ತಣ್ಣಗಿನ 50 ಮಿಲಿ ಡಿಕಾಕ್ಷನ್ 95 ಡಿಗ್ರಿಯ 100 ಮಿಲಿ ಹಾಲಿಗೆ ಬಿದ್ದರೆ ಕಾಫಿ ಸುಮಾರು 65 ಡಿಗ್ರಿಗೆ ಇಳಿಯುತ್ತದೆ. ಸ್ಟೀಲ್ ಲೋಟ ಇನ್ನಷ್ಟು ಎಳೆಯುತ್ತದೆ. ಎಮ್ಮೆ ಹಾಲಿಗೆ ಡಿಕಾಕ್ಷನ್ ಪಾಲು ಏರಿಸಿದಷ್ಟೂ ಈ ತೊಂದರೆ ಹೆಚ್ಚು. ಅದಕ್ಕೆ ಮದ್ದು ಕುದಿಸುವುದಲ್ಲ, ಕುದಿಸಿದರೆ ಘಮ ಆವಿಯಲ್ಲಿ ಹೋಗಿ ಕಹಿ ಉಳಿಯುತ್ತದೆ. ಬೇಕಾದಷ್ಟು ಡಿಕಾಕ್ಷನ್ನನ್ನು ಚಿಕ್ಕ ಬಟ್ಟಲಿಗೆ ಹಾಕಿ, ಬಿಸಿನೀರಿನ ಪಾತ್ರೆಯಲ್ಲಿ ಐದು ನಿಮಿಷ ಕೂರಿಸಿದರೆ ಸಾಕು. ಲೋಟಕ್ಕೂ ಸ್ವಲ್ಪ ಬಿಸಿನೀರು ಸುರಿದು ಚೆಲ್ಲಿ.

ಹಾಲಿನದು ಇನ್ನೂ ಸರಳ. ಎಮ್ಮೆ ಹಾಲನ್ನು ಕಾಯಿಸಿದಷ್ಟೂ ನೀರು ಆರಿ ಅದು ಇನ್ನೂ ಗಟ್ಟಿಯಾಗುತ್ತದೆ, ಕಾದ ಹಾಲಿನ ವಾಸನೆ ಕಾಫಿಯನ್ನು ಮುಚ್ಚುತ್ತದೆ. ಬೆಳಿಗ್ಗೆ ಒಮ್ಮೆ ಚೆನ್ನಾಗಿ ಕುದಿಸಿ, ಆರಿದ ಮೇಲೆ ಫ್ರಿಜ್ಜಲ್ಲಿಡಿ. ಆಮೇಲೆ ಆ ಹೊತ್ತಿಗೆ ಬೇಕಾದಷ್ಟನ್ನೇ ಬೇರೆ ಪಾತ್ರೆಗೆ ಬಗ್ಗಿಸಿ, ಉಕ್ಕು ಬರುವಾಗಲೇ ಇಳಿಸಿ.

ಈಗ ತಂಗಿಯ ಮನೆಯ ಲೆಕ್ಕ ಹೀಗಿದೆ: 85:15 ಪುಡಿ 30 ಗ್ರಾಂ, ನೀರು 150 ಮಿಲಿ, ಕೆನೆ ತೆಗೆದ ಎಮ್ಮೆ ಹಾಲು, ಒಂದಕ್ಕೆ ಎರಡು. ಬೆಳಗಿನ 90 ಮಿಲಿಯಲ್ಲಿ ಇಬ್ಬರಿಗೆ ಒಂದೊಂದು ಲೋಟಕ್ಕೆ 45 ಮಿಲಿ ಬರುತ್ತದೆ, 90 ಮಿಲಿ ಹಾಲು. ಸಂಜೆಗೆ ಬೇರೆಯಾಗಿಯೇ ಡಿಕಾಕ್ಷನ್ ಹಾಕುತ್ತಾಳೆ. ಅಳತೆ ಪಕ್ಕಾ ಇರುವುದರಿಂದ ಇನ್ನೊಂದು ಉಪಯೋಗವೂ ಆಗಿದೆ. ಹೋದ ತಿಂಗಳು ಒಂದು ಬೆಳಿಗ್ಗೆ ಕಾಫಿ ಯಾವತ್ತಿಗಿಂತ ಕಪ್ಪಗೆ, ಕಹಿಯಾಗಿ ಬಂತಂತೆ. ಪುಡಿ, ನೀರು, ಅಳತೆ ಯಾವುದೂ ಬದಲಾಗಿರಲಿಲ್ಲ. ಪಾತ್ರೆ ನೋಡಿದರೆ ಕೆನೆ ಕಾಗದದಷ್ಟು ತೆಳು. ಮರುದಿನ ಹಾಲಿನವರು ಬಂದಾಗ "ಅಣ್ಣಾ, ನಿನ್ನೆ ಹಾಲಿಗೆ ನೀರು ಬಿದ್ದಿತ್ತಲ್ಲಾ" ಅಂದಳಂತೆ. ಅವರು ನಕ್ಕು, ಅವತ್ತು ಅರ್ಧ ಲೋಟ ಜಾಸ್ತಿ ಹಾಕಿ ಹೋದರಂತೆ.